ನೂರಿಪ್ಪತ್ತೆಂಟೂವರೆ ಡಾಲರಿನ ದಾರಿ

ರಬಕವಿಯ ನೇಕಾರರ ಮನೆಯ ಹುಡುಗನೊಬ್ಬ ಒಂದು ಸಂಜೆ ನನ್ನ ಮೇಜಿನ ಮುಂದೆ ಬಂದು ಕೂತ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಅಂಚು ಮುದುರಿದ ಪಾಸ್‌ಬುಕ್ಕು. ಪಾವರ್‌ಲೂಮ್ ಕೆಲಸ, ಸೀರೆಯ ಅಂಚು ಕೂಡಿಸುವುದು, ಸಂತೆಯ ಓಡಾಟ ಇವನ್ನೆಲ್ಲ ನಮ್ಮ ಕಡೆಯ ಮಾತಿನಲ್ಲೇ ತೋರಿಸುವ ಯೂಟ್ಯೂಬ್ ಚಾನೆಲ್ ಅವನದು.

"ಕಾಕಾರ, ಯೂಟ್ಯೂಬಿನ್ಯಾಗ ಹನ್ನೊಂದ ಸಾವಿರದ ನಾಕನೂರಾ ನಲವತ್ತ ತೋರಸ್ತೈತ್ರಿ. ಪಾಸ್‌ಬುಕ್ಕಿನ್ಯಾಗ ನೋಡಿದ್ರ ಹತ್ತ ಸಾವಿರದ ಒಂಬೈನೂರಾ ಎಪ್ಪತ್ತ ಬಂದೈತಿ. ನಡಬರಕ ಯಾರ ತಗೊಂಡ್ರಿ?"

ನಾನು ಈ ಊರಿನಲ್ಲಿ ಲೆಕ್ಕ ಬರೆಯುವ ಕೆಲಸದವನು. ಕಬ್ಬಿನ ಬಿಲ್ಲು ಹಿಡಿದುಕೊಂಡು ಇದೇ ಪ್ರಶ್ನೆ ಕೇಳುವ ರೈತರನ್ನು ಪ್ರತಿ ವರ್ಷ ನೋಡುತ್ತೇನೆ. ಕಾರ್ಖಾನೆ ಟನ್ನಿಗೆ ಒಂದು ದರ ಹೇಳುತ್ತದೆ, ಕಟಾವು ಮತ್ತು ಸಾಗಣೆ ಕಳೆದು ಕೈಗೆ ಬರುವುದು ಇನ್ನೊಂದು. ಮುಧೋಳ, ಜಮಖಂಡಿಯ ರೈತ ಆ ಬಿಲ್ಲನ್ನು ಸಾಲುಸಾಲಾಗಿ ಓದಬಲ್ಲ. ಅದೇ ಮನೆಯ ಮಗ ಡಾಲರಿನ ಬಿಲ್ಲನ್ನು ಓದಲಾರ, ಯಾಕೆಂದರೆ ಅಂಥದೊಂದು ಬಿಲ್ಲು ಅವನ ಕೈಗೆ ಬರುವುದೇ ಇಲ್ಲ. ಪಾಸ್‌ಬುಕ್ಕಿನಲ್ಲಿ ಒಂದೇ ಸಾಲು, ಒಂದೇ ಮೊತ್ತ. ಕಳೆದುಹೋದ 470 ರೂಪಾಯಿಯನ್ನು ನಾವಿಬ್ಬರೂ ಕೂತು ಹುಡುಕಿದ ಕತೆಯನ್ನೇ ಇಲ್ಲಿ ಹೇಳುತ್ತೇನೆ. ಅನುಸರಿಸಲು ಸುಲಭವಾಗಲೆಂದು ಅಂಕಿಗಳನ್ನು ತುಸು ದುಂಡು ಮಾಡಿದ್ದೇನೆ. ಬ್ಯಾಂಕಿನ ದರ, ಶುಲ್ಕ ನಿಮ್ಮಲ್ಲಿ ಬೇರೆ ಇರಬಹುದು, ಹಣ ಬರುವ ದಾರಿ ಮಾತ್ರ ಇದೇ.

ಮೊದಲ ತೊಡಕು ಡಾಲರಿನದಲ್ಲ, ಪಾಸ್‌ಬುಕ್ಕಿನದೇ. ಆ ಒಂದು ಸಾಲನ್ನು ಹುಡುಕಲು ಮೂರು ಪುಟ ತಿರುವಬೇಕಾಯಿತು. ಅಪ್ಪನ ನೇಯ್ಗೆಯ ಮಜೂರಿ ಅಲ್ಲಿಗೇ ಬರುತ್ತಿತ್ತು. ಕಿರಾಣಿ ಅಂಗಡಿ, ಪೆಟ್ರೋಲು, ತಂಗಿಯ ಕಾಲೇಜು ಫೀ, ಗೆಳೆಯನಿಗೆ ಕೊಟ್ಟ ಕೈಗಡ ಎಲ್ಲ ಅಲ್ಲಿಂದಲೇ ಹೋಗುತ್ತಿತ್ತು. ಜಮಖಂಡಿಯ ಬಟ್ಟೆ ಅಂಗಡಿಯೊಂದು ಜಾಹೀರಾತಿಗೆಂದು ಫೋನ್‌ಪೇಯಲ್ಲಿ ಹಾಕಿದ ಮೂರು ಸಾವಿರವೂ ಅದೇ ರಾಶಿಯಲ್ಲಿತ್ತು.   

ಬೀಳಗಿ ಕಡೆಯ ಹಿರಿಯರನ್ನು ಕೇಳಿ ನೋಡಿ. ಆಲಮಟ್ಟಿ ಹಿನ್ನೀರಿನ ಮುಳುಗಡೆ ಪರಿಹಾರ ಬಂದಾಗ ಅದನ್ನು ಬೇರೆ ಖಾತೆಯಲ್ಲಿಟ್ಟ ಮನೆಯವರಿಗೆ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂಬುದು ಗೊತ್ತಿರುತ್ತದೆ. ಮನೆಖರ್ಚಿನ ಖಾತೆಯಲ್ಲಿ ಬೆರೆಸಿದವರು ಆ ಹಣದ ಲೆಕ್ಕ ಹೇಳಲು ಇಂದಿಗೂ ತಡವರಿಸುತ್ತಾರೆ. ಚಾನೆಲ್ಲಿನ ಹಣ ಅಷ್ಟು ದೊಡ್ಡದಲ್ಲ, ಆದರೆ ಬೆರೆತರೆ ಹೀಗೇ ಕಾಣದಾಗುತ್ತದೆ.

ಅದಕ್ಕೆ ಚಾನೆಲ್ಲಿಗೆಂದೇ ಒಂದು ಖಾತೆ ಬೇಕು. ಅದು ಎಲ್ಲಿರಬೇಕು ಎಂಬುದರಲ್ಲಿ ನಮ್ಮ ಭಾಗದವರು ಎಡವುತ್ತಾರೆ. ನಮ್ಮಲ್ಲಿ ಪತ್ತಿನ ಸಂಘ, ಸೌಹಾರ್ದ ಸಹಕಾರಿ, ಡಿಸಿಸಿ ಬ್ಯಾಂಕುಗಳ ಮೇಲೆ ಜನರಿಗೆ ಬಹಳ ನಂಬಿಕೆ, ವ್ಯವಹಾರವೆಲ್ಲ ಅಲ್ಲೇ. ಆದರೆ ವಿದೇಶಿ ಹಣ ಪಡೆಯಲು ಬ್ಯಾಂಕಿಗೆ ರಿಸರ್ವ್ ಬ್ಯಾಂಕಿನ ವಿದೇಶಿ ವಿನಿಮಯ ಪರವಾನಗಿ ಬೇಕು, ಸ್ವಿಫ್ಟ್ ಸಂಕೇತ ಬೇಕು. ಪತ್ತಿನ ಸಂಘಗಳಿಗೆ ಅದು ಇರುವುದಿಲ್ಲ. ದೊಡ್ಡ ವಾಣಿಜ್ಯ ಬ್ಯಾಂಕುಗಳಲ್ಲೂ ಊರಿನ ಸಣ್ಣ ಶಾಖೆಗೆ ತನ್ನದೇ ಸಂಕೇತ ಇರುವುದು ಅಪರೂಪ. ಆ ಬ್ಯಾಂಕಿನ ಮುಖ್ಯ ವಿದೇಶಿ ವಿನಿಮಯ ಶಾಖೆಯ ಸಂಕೇತವನ್ನು ಕೊಡಬೇಕಾಗುತ್ತದೆ. ಇದನ್ನು ಅಂತರ್ಜಾಲದಲ್ಲಿ ಹುಡುಕಿ ತುಂಬಬೇಡಿ, ಶಾಖೆಯಲ್ಲಿ ಕೇಳಿ ಬರೆಸಿಕೊಳ್ಳಿ. ನಮ್ಮಲ್ಲಿ ಬಹಳ ಜನರ ಖಾತೆ ಸಿಂಡಿಕೇಟ್ ಬ್ಯಾಂಕಿನಲ್ಲಿತ್ತು. 2020ರ ಏಪ್ರಿಲ್ 1ರಂದು ಅದು ಕೆನರಾದಲ್ಲಿ ವಿಲೀನವಾಯಿತು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ಮನೆಯ ಹಳೆಯ ಪಾಸ್‌ಬುಕ್ಕಿನ ಮೇಲೆ ಅಚ್ಚಾದ ಸಂಕೇತವನ್ನು ನೋಡಿ ಆಡ್‌ಸೆನ್ಸ್‌ನಲ್ಲಿ ತುಂಬಿದರೆ ಹಣ ತಿರುಗಿ ಹೋಗುವ ಸಾಧ್ಯತೆಯೇ ಹೆಚ್ಚು.

ಹೆಸರಿನ ತೊಂದರೆ ಇನ್ನೂ ದೊಡ್ಡದು. ನಮ್ಮಲ್ಲಿ ಒಬ್ಬನೇ ಮನುಷ್ಯ ಆಧಾರಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು. ಒಂದು ಕಡೆ ಅಡ್ಡಹೆಸರು ಮೊದಲು, ಇನ್ನೊಂದು ಕಡೆ ಕೊನೆಗೆ. ಒಂದು ಕಡೆ ತಂದೆಯ ಹೆಸರು ಪೂರ್ತಿ, ಇನ್ನೊಂದು ಕಡೆ ಒಂದೇ ಅಕ್ಷರ. ಈ ಹುಡುಗನ ಮೊದಲ ಕಂತು ಹೀಗೇ ವಾಪಸಾಗಿತ್ತು. ಪ್ಯಾನ್ ಕಾರ್ಡಿನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಹೊಸ ಖಾತೆ ತೆರೆಯಿರಿ, ಆಡ್‌ಸೆನ್ಸ್‌ನಲ್ಲೂ ಅಕ್ಷರಕ್ಕೆ ಅಕ್ಷರ ಹಾಗೆಯೇ ಬರೆಯಿರಿ. ಚಾನೆಲ್ಲಿನ ಹೆಸರು ಹಾಕುವ ಆಸೆ ಬೇಡ. ಪಾವತಿ ಹೋಗುವುದು ಮನುಷ್ಯನ ಹೆಸರಿಗೆ.

ಉಳಿತಾಯ ಖಾತೆಯೋ ಚಾಲ್ತಿ ಖಾತೆಯೋ ಎಂದು ಎಲ್ಲರೂ ಕೇಳುತ್ತಾರೆ. ಉಳಿತಾಯ ಖಾತೆ ವ್ಯಾಪಾರಕ್ಕಲ್ಲ ಎಂಬುದು ನಿಯಮ. ಚಾಲ್ತಿ ಖಾತೆಗೆ ಉದ್ಯಮ ನೋಂದಣಿಯಂಥ ದಾಖಲೆ ಬೇಕು (ಅದು ಆಧಾರ್, ಪ್ಯಾನ್ ಇದ್ದರೆ ಉಚಿತವಾಗಿ ಆಗುತ್ತದೆ), ಜೊತೆಗೆ ಕನಿಷ್ಠ ಶಿಲ್ಕು ಇಡಬೇಕು. ಶಿಲ್ಕು ಕಡಿಮೆಯಾದರೆ ದಂಡ, ಆ ದಂಡವೇ ಸಣ್ಣ ಚಾನೆಲ್ಲಿನ ಗಳಿಕೆಯನ್ನು ತಿನ್ನಬಹುದು. ಮೂರು ತಿಂಗಳಿಗೊಮ್ಮೆ ಹತ್ತು ಸಾವಿರ ಬರುವವರು ಶಾಖೆಯ ವ್ಯವಸ್ಥಾಪಕರಿಗೆ ಹಣದ ಮೂಲವನ್ನು ಮೊದಲೇ ತಿಳಿಸಿ, ಅವರು ಒಪ್ಪಿದರೆ ಎರಡನೆಯ ಉಳಿತಾಯ ಖಾತೆಯಿಂದ ಶುರು ಮಾಡಲಿ. ತಿಂಗಳು ತಿಂಗಳು ಬರತೊಡಗಿ, ಅಂಗಡಿಗಳ ಜಾಹೀರಾತೂ ಕೂಡಿಕೊಂಡರೆ ಚಾಲ್ತಿ ಖಾತೆಗೆ ಹೋಗುವುದೇ ಸರಿ. ಬೆಳೆಸಾಲ, ಬಂಗಾರದ ಸಾಲ ಜೋಡಣೆಯಾದ ಖಾತೆಯನ್ನು ಮಾತ್ರ ಇದಕ್ಕೆ ಬಳಸಬೇಡಿ. ಹಣ ಬಿದ್ದ ದಿನವೇ ಕಂತಿಗೆ ಜಮಾ ಆಗಿಹೋಗಬಹುದು.

ಖಾತೆ ಬೇರೆಯಾದ ಮೇಲೆ ಒಂದೇ ಶಿಸ್ತು ಸಾಕು. ಚಾನೆಲ್ಲಿನ ದುಡ್ಡೆಲ್ಲ, ಡಾಲರಾಗಲಿ ಬಟ್ಟೆ ಅಂಗಡಿಯ ಮೂರು ಸಾವಿರವಾಗಲಿ, ಈ ಖಾತೆಗೇ ಬರಬೇಕು. ಮೈಕು, ಇಂಟರ್ನೆಟ್ಟು, ಶೂಟಿಂಗಿಗೆ ಹೋದ ಬಸ್ ಚಾರ್ಜು ಇಲ್ಲಿಂದಲೇ ಹೋಗಬೇಕು. ಮನೆಗೆ ಬೇಕಾದ್ದನ್ನು ತಿಂಗಳಿಗೊಮ್ಮೆ, ಒಂದೇ ಮೊತ್ತದಲ್ಲಿ, ಮನೆಯ ಖಾತೆಗೆ ವರ್ಗಾಯಿಸಿ. ಕಿರಾಣಿ ಅಂಗಡಿಯಲ್ಲಿ ಈ ಖಾತೆಯ ಸ್ಕ್ಯಾನರ್ ತೆಗೆಯಬೇಡಿ. ನಮ್ಮ ಕಡೆಯ ಹಾಸ್ಯದ ಚಾನೆಲ್ಲುಗಳಲ್ಲಿ ಐದಾರು ಹುಡುಗರು ಕೂಡಿ ಕೆಲಸ ಮಾಡುತ್ತಾರೆ. ಹಣ ಬರುವುದು ಒಬ್ಬನ ಪ್ಯಾನ್ ಮೇಲೆ, ಆದಾಯ ತೆರಿಗೆಯ ಕಣ್ಣಿಗೆ ಅಷ್ಟೂ ಅವನ ಗಳಿಕೆಯೇ. ಉಳಿದವರ ಪಾಲನ್ನು ನಗದಿನಲ್ಲಿ ಕೊಟ್ಟರೆ ಅದಕ್ಕೆ ಗುರುತಿರುವುದಿಲ್ಲ. ಇದೇ ಖಾತೆಯಿಂದ ಯುಪಿಐ ಮೂಲಕ, ಯಾವ ವಿಡಿಯೋದ ಕೆಲಸ ಎಂದು ಬರೆದು ಕಳಿಸಿದರೆ ಲೆಕ್ಕವೂ ಇರುತ್ತದೆ, ಗೆಳೆತನವೂ ಉಳಿಯುತ್ತದೆ.

ಇನ್ನು ಆ 470 ರೂಪಾಯಿ.

ಹುಡುಗನ ಮೊಬೈಲಿನಲ್ಲಿದ್ದದ್ದು ಯೂಟ್ಯೂಬ್ ಸ್ಟುಡಿಯೋ. ಅಲ್ಲಿ ಗಳಿಕೆಯನ್ನು ರೂಪಾಯಿಯಲ್ಲಿ ತೋರಿಸುವ ಆಯ್ಕೆ ಇದೆ, ಅವನು ಅದನ್ನು ಹಾಕಿಕೊಂಡಿದ್ದ. ಆದರೆ ಆ ರೂಪಾಯಿ ಒಂದು ಅಂದಾಜಿನ ಪರಿವರ್ತನೆ, ಅಷ್ಟೇ. ಅವನಿಗೆ ನಿಜವಾಗಿ ಬರಬೇಕಾದದ್ದು ಡಾಲರು. ಹಿಂದಿನ ತಿಂಗಳ ಗಳಿಕೆ ಮರುತಿಂಗಳ 7ರಿಂದ 12ನೇ ತಾರೀಖಿನೊಳಗೆ ಆಡ್‌ಸೆನ್ಸ್‌ನಲ್ಲಿ ಅಂತಿಮವಾಗಿ ಕೂಡುತ್ತದೆ. 100 ಡಾಲರ್ ದಾಟಿದ್ದರೆ 21ರಿಂದ 26ರೊಳಗೆ ಹೊರಡುತ್ತದೆ. ಖಾತೆಯ ವಿವರ ತಪ್ಪಿದ್ದರೆ 20ರೊಳಗೆ ತಿದ್ದಬೇಕು, ಇಲ್ಲವಾದರೆ ಮುಂದಿನ ತಿಂಗಳು. ಆದ್ದರಿಂದ ಸ್ಟುಡಿಯೋ ಬಿಟ್ಟು ಆಡ್‌ಸೆನ್ಸ್‌ನ ಪಾವತಿ ಪುಟ ತೆಗೆಯಲು ಹೇಳಿದೆ. ಅಲ್ಲಿ ಮೂರು ಸಾಲು: ಗಳಿಕೆ 130 ಡಾಲರ್, ತೆರಿಗೆ ಒಂದೂವರೆ ಡಾಲರ್, ಕಳಿಸಿದ್ದು 128.50.

ಆ ಒಂದೂವರೆ ಡಾಲರ್ ಅಮೆರಿಕ ಸರ್ಕಾರದ್ದು. ಅಮೆರಿಕದಲ್ಲಿ ಕೂತು ಈ ಚಾನೆಲ್ ನೋಡಿದವರಿಂದ ಆ ತಿಂಗಳು ಬಂದದ್ದು 10 ಡಾಲರ್, ಅದರ ಮೇಲೆ ಮಾತ್ರ ಶೇ 15ರ ತೆರಿಗೆ. ನಮ್ಮ ದೇಶಕ್ಕೂ ಅಮೆರಿಕಕ್ಕೂ ಇರುವ ತೆರಿಗೆ ಒಪ್ಪಂದದ ದರ ಅದು. ಆಡ್‌ಸೆನ್ಸ್‌ನಲ್ಲಿ W-8BEN ಎಂಬ ನಮೂನೆ ತುಂಬಿ, ಪ್ಯಾನ್ ಸಂಖ್ಯೆ ಕೊಟ್ಟು, ಒಪ್ಪಂದದ ರಿಯಾಯಿತಿ ಕೇಳಿದವರಿಗೆ ಮಾತ್ರ ಈ ದರ. ನಮೂನೆ ತುಂಬಿ ರಿಯಾಯಿತಿ ಕೇಳದಿದ್ದರೆ ಅದೇ ಹತ್ತು ಡಾಲರಿಗೆ ಶೇ 30. ನಮೂನೆಯನ್ನೇ ತುಂಬದಿದ್ದರೆ ಇನ್ನೂ ಕಷ್ಟ: ಜಗತ್ತಿನಾದ್ಯಂತ ಬಂದ ಒಟ್ಟು ಗಳಿಕೆಯ ಮೇಲೇ ಶೇ 24ರವರೆಗೆ ಹಿಡಿಯಬಹುದು. ನೋಡುವವರೆಲ್ಲ ಬಾಗಲಕೋಟೆ ಜಿಲ್ಲೆಯವರೇ ಆದರೂ ಸರಿ. ಹುಡುಗ ಇದನ್ನು ಮೊದಲೇ ತುಂಬಿದ್ದ. ಹಾಗಾಗಿ 470ರಲ್ಲಿ ಸುಮಾರು 132 ರೂಪಾಯಿಗೆ ಲೆಕ್ಕ ಸಿಕ್ಕಿತು. ಇಲ್ಲಿ ಆದಾಯ ತೆರಿಗೆ ಬರುವಷ್ಟು ಗಳಿಕೆ ಇದ್ದರೆ, ಅಲ್ಲಿ ಹಿಡಿದದ್ದಕ್ಕೆ ಇಲ್ಲಿ ರಿಯಾಯಿತಿ ಕೇಳಲು ಬರುತ್ತದೆ. ಅದಕ್ಕಾಗಿ ಕಿರ್ದಿಯಲ್ಲಿ 128.50 ಅಲ್ಲ, 130 ಎಂದೇ ಬರೆದು, ತೆರಿಗೆಯನ್ನು ಪಕ್ಕದಲ್ಲಿ ತೋರಿಸಬೇಕು.

ಉಳಿದದ್ದು 338. ಅದು ನಮ್ಮ ಬ್ಯಾಂಕಿನಲ್ಲಿ ಆದದ್ದು. ಅದನ್ನು ತಿಳಿಯಲು ಒಂದು ಹಾಳೆ ಬೇಕು, ಆ ಹಾಳೆಯನ್ನು ಕೇಳದೆ ಯಾರೂ ಕೊಡುವುದಿಲ್ಲ. ವಿದೇಶದಿಂದ ಬಂದ ಹಣದ ಸೂಚನಾ ಪತ್ರ ಅದು. ಬ್ಯಾಂಕಿನವರ ಬಾಯಲ್ಲಿ ಫೈರಾ, ಹಳೆಯ ಸಿಬ್ಬಂದಿಯ ಬಾಯಲ್ಲಿ ಎಫ್‌ಐಆರ್‌ಸಿ. ಶಾಖೆಯಲ್ಲಿ ಅರ್ಜಿ ಕೊಟ್ಟರೆ ವಿದೇಶಿ ವಿನಿಮಯ ವಿಭಾಗದಿಂದ ತರಿಸಿಕೊಡುತ್ತಾರೆ. ಕಳಿಸಿದವರು ಯಾರು, ಎಷ್ಟು ಡಾಲರ್ ಬಂತು, ಯಾವ ದರಕ್ಕೆ ರೂಪಾಯಿ ಮಾಡಿದರು, ಯಾವ ಉದ್ದೇಶದ ಸಂಕೇತ ಹಾಕಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಹುಡುಗ ಎಂಟು ದಿನ ಓಡಾಡಿ ಅದನ್ನು ತಂದ.

ಮೊದಲು ನೋಡಿದ್ದು ಡಾಲರಿನ ಅಂಕಿ. ಆಡ್‌ಸೆನ್ಸ್ ಕಳಿಸಿದ್ದು 128.50, ಹಾಳೆಯಲ್ಲೂ 128.50. ಅಂದರೆ ದಾರಿಯಲ್ಲಿ ಯಾರೂ ಮುಟ್ಟಿಲ್ಲ. ಇಲ್ಲಿ ಕಡಿಮೆ ಇದ್ದಿದ್ದರೆ, ನಡುವಿನ ಮಧ್ಯವರ್ತಿ ಬ್ಯಾಂಕು ತನ್ನ ಶುಲ್ಕ ಹಿಡಿದಿದೆ ಎಂದರ್ಥ. ಅದಕ್ಕಾಗಿ ಊರ ಶಾಖೆಯವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ಆಮೇಲೆ ದರ. ಆ ದಿನ ಮೊಬೈಲಿನಲ್ಲಿ ಹುಡುಕಿದರೆ ಡಾಲರಿಗೆ 88 ರೂಪಾಯಿ ತೋರಿಸುತ್ತಿತ್ತು. ಹಾಳೆಯಲ್ಲಿದ್ದದ್ದು 87 ರೂಪಾಯಿ 10 ಪೈಸೆ. ಮೊಬೈಲು ತೋರಿಸುವುದು ದೊಡ್ಡ ದೊಡ್ಡ ಬ್ಯಾಂಕುಗಳು ಪರಸ್ಪರ ಕೋಟಿಗಟ್ಟಲೆ ಕೊಳ್ಳುವ ಮಾರುವ ನಡುವಿನ ದರ. ನಮ್ಮಂಥವರ ಡಾಲರನ್ನು ಬ್ಯಾಂಕು ಕೊಳ್ಳುವುದು ತನ್ನ ದರಪಟ್ಟಿಯ `TT BUY` ಕಾಲಮ್ಮಿನಲ್ಲಿ. ಸ್ಟೇಟ್ ಬ್ಯಾಂಕ್ ಈ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಪಕ್ಕದ `TT SELL` ನೋಡಿ ಮೋಸಹೋಗಬೇಡಿ, ಅದು ಬ್ಯಾಂಕು ನಮಗೆ ಡಾಲರ್ ಮಾರುವ ದರ. 88ಕ್ಕೂ 87.10ಕ್ಕೂ ಇರುವ 90 ಪೈಸೆ ಬ್ಯಾಂಕಿನ ಲಾಭ. 128.50 ಡಾಲರಿಗೆ ಅದು 115 ರೂಪಾಯಿ 65 ಪೈಸೆ. ಯಾವ ಪಾಸ್‌ಬುಕ್ಕಿನಲ್ಲೂ ಇದು ಶುಲ್ಕ ಎಂದು ಬರುವುದಿಲ್ಲ. ದರದೊಳಗೇ ಅಡಗಿರುತ್ತದೆ. 'ನಮ್ಮ ಬ್ಯಾಂಕಿನ್ಯಾಗ ಚಾರ್ಜ ಇಲ್ರಿ' ಎಂದು ಯಾರಾದರೂ ಹೇಳಿದರೆ ಮೊದಲು ದರ ಕೇಳಬೇಕು. ಶುಲ್ಕ ಬಿಟ್ಟು ದರದಲ್ಲಿ ಎರಡು ರೂಪಾಯಿ ಹಿಡಿಯುವವರೂ ಇರುತ್ತಾರೆ.

ಇನ್ನು ಖಾತೆಗೆ ಜಮಾ ಮಾಡುವ ಮೊದಲೇ ಬ್ಯಾಂಕು ಕಡಿತ ಮಾಡಿದ್ದ 222 ರೂಪಾಯಿ. ಅದರೊಳಗೆ ಎರಡು ಸಂಗತಿ ಇದ್ದವು. ವಿದೇಶಿ ಹಣ ಸ್ವೀಕರಿಸಿದ ಶುಲ್ಕ 150, ಅದರ ಮೇಲೆ ಶೇ 18 ಜಿಎಸ್‌ಟಿ 27, ಸೇರಿ 177. ಮಿಕ್ಕ 45 ರೂಪಾಯಿ ಡಾಲರನ್ನು ರೂಪಾಯಿ ಮಾಡಿದ ಸೇವೆಯ ಜಿಎಸ್‌ಟಿ. ಈ 45 ಎಲ್ಲ ಸಣ್ಣ ಚಾನೆಲ್ಲುಗಳವರೂ ತಿಳಿಯಬೇಕಾದ ಅಂಕಿ. ಒಂದು ಲಕ್ಷದವರೆಗಿನ ಪರಿವರ್ತನೆಯಲ್ಲಿ ಸೇವೆಯ ಬೆಲೆಯನ್ನು ಮೊತ್ತದ ಶೇ 1 ಎಂದು ಕಾನೂನು ಹಿಡಿಯುತ್ತದೆ, ಆದರೆ 250 ರೂಪಾಯಿಗಿಂತ ಕಡಿಮೆ ಅಲ್ಲ. 250ರ ಶೇ 18 ಎಂದರೆ 45. ಹೀಗಾಗಿ 9 ಸಾವಿರ ಬಂದರೂ 45, 25 ಸಾವಿರ ಬಂದರೂ 45.

ಕೂಡಿಸಿ ನೋಡಿದೆವು. 115.65, 177, 45. ಒಟ್ಟು 337 ರೂಪಾಯಿ 65 ಪೈಸೆ. ಅಮೆರಿಕದ ತೆರಿಗೆಯ 132 ಸೇರಿಸಿದರೆ 469.65. ರೂಪಾಯಿಗೆ ರೂಪಾಯಿ ಸಿಕ್ಕಿತು. "ಅಂದ್ರ ಯಾರೂ ಕದ್ದಿಲ್ಲರಿ" ಎಂದ ಹುಡುಗ. ಕದ್ದಿಲ್ಲ ಎಂಬುದು ನಿಜ. ಆದರೆ ಬಂದ ಹಣದಲ್ಲಿ ನೂರಕ್ಕೆ ಮೂರು ರೂಪಾಯಿ ಬರೀ ಪರಿವರ್ತನೆಗೆ ಹೋಗಿದೆ. ಡಾಲರಿಗೆ 88 ಎಂದುಕೊಂಡವನ ಕೈಗೆ ಬಿದ್ದದ್ದು 85 ರೂಪಾಯಿ 37 ಪೈಸೆ. ಖಾತೆಗೆ ಅಂತಿಮವಾಗಿ ಉಳಿದ ರೂಪಾಯಿಯನ್ನು ಕಳಿಸಿದ ಡಾಲರಿನಿಂದ ಭಾಗಿಸಿದರೆ ಸಿಗುವ ಈ ಒಂದೇ ಅಂಕಿಯನ್ನು ಪ್ರತಿ ಸಲ ಬರೆದಿಡಲು ಹೇಳಿದೆ. ಎರಡು ಬ್ಯಾಂಕುಗಳನ್ನು ಹೋಲಿಸಲು ಇದಕ್ಕಿಂತ ನೇರವಾದ ದಾರಿ ಇಲ್ಲ, ಅಂದಂದಿನ ಮಾರುಕಟ್ಟೆ ದರವನ್ನು ಪಕ್ಕದಲ್ಲಿ ಬರೆದಿದ್ದರೆ ಸಾಕು.

ಇದನ್ನು ಕಡಿಮೆ ಮಾಡಲು ಸಾಧ್ಯವೇ? ಸಾಧ್ಯ. ಮೂರರಲ್ಲಿ ಎರಡು ಖರ್ಚುಗಳು ಸಣ್ಣ ಪಾವತಿಗಳಲ್ಲಿ ಮೊತ್ತ ನೋಡಿ ಬರುವುದಿಲ್ಲ, ಎಷ್ಟು ಸಲ ಹಣ ಬಂತು ಎಂದು ನೋಡಿ ಬರುತ್ತವೆ. ಆಡ್‌ಸೆನ್ಸ್‌ನಲ್ಲಿ ಪಾವತಿಯ ಮಿತಿಯನ್ನು 100 ಡಾಲರಿನಿಂದ ಮೇಲೆ ಏರಿಸಬಹುದು, ಇಂಥ ತಾರೀಖಿನವರೆಗೆ ಕಳಿಸಬೇಡಿ ಎಂದು ತಡೆಹಿಡಿಯಲೂಬಹುದು. ಇದೇ ಹುಡುಗ ತಿಂಗಳಿಗೆ 128.50ರಂತೆ ನಾಲ್ಕು ಸಲ ತರಿಸಿಕೊಂಡರೆ ಖರ್ಚು 1,350 ರೂಪಾಯಿ ಚಿಲ್ಲರೆ. ನಾಲ್ಕು ತಿಂಗಳದ್ದು ಕೂಡಿಸಿ 514 ಡಾಲರ್ ಒಮ್ಮೆಲೇ ತರಿಸಿದರೆ, ಇದೇ ದರದಲ್ಲಿ, ಬ್ಯಾಂಕಿನ ಲಾಭ 462.60, ಸ್ವೀಕಾರ ಶುಲ್ಕ ಒಂದೇ ಸಲ 177, ಪರಿವರ್ತನೆಯ ಜಿಎಸ್‌ಟಿ ಸುಮಾರು 81. ಒಟ್ಟು 720. ಉಳಿದದ್ದು 630 ರೂಪಾಯಿ, ಇಂಟರ್ನೆಟ್ಟಿನ ಒಂದು ತಿಂಗಳ ಬಿಲ್ಲು ಅದರಲ್ಲಿ ತೀರಬಹುದು. ಇದಕ್ಕೂ ಒಂದು ಮಿತಿ ಇದೆ. ನಾಲ್ಕು ತಿಂಗಳಲ್ಲಿ ಡಾಲರ್ ಎರಡು ರೂಪಾಯಿ ಇಳಿದರೆ ಈ ಉಳಿತಾಯ ಹೋಗಿ ಕೈಯಿಂದಲೇ ಬಿಡಬೇಕಾಗುತ್ತದೆ, ಏರಿದರೆ ಇನ್ನಷ್ಟು ಬರುತ್ತದೆ. ಡಾಲರಿನ ಜೂಜಾಡಲು ಯಾರೂ ಹಣ ತಡೆಹಿಡಿಯುವುದು ಬೇಡ. ಮನೆಗೆ ಆ ತಿಂಗಳು ದುಡ್ಡು ಬೇಕಿಲ್ಲದವರು ಶುಲ್ಕ ಉಳಿಸಲು ಮಾತ್ರ ಹೀಗೆ ಮಾಡಲಿ. ಮಗ್ಗ ನಿಂತಿರುವ ತಿಂಗಳು 300 ರೂಪಾಯಿ ಹೋದರೂ ಹಣ ತರಿಸಿಕೊಳ್ಳುವುದೇ ಸರಿ.

ಕೊನೆಗೆ ಹಾಳೆಯ ಮೂಲೆಯಲ್ಲಿದ್ದ ಸಂಕೇತವನ್ನು ತೋರಿಸಿದೆ. ಅಲ್ಲಿದ್ದದ್ದು P1301. ವಿದೇಶದಲ್ಲಿರುವ ಮನೆಯವರು ಕುಟುಂಬ ನಿರ್ವಹಣೆಗೆ ಕಳಿಸಿದ ಹಣ ಎಂದರ್ಥ! ಹಣ ಬಂದಾಗ ಬ್ಯಾಂಕಿನಿಂದ ಫೋನು ಬಂದಿತ್ತಂತೆ, ಯಾತಕ್ಕೆ ಬಂದ ದುಡ್ಡು ಎಂದು ಕೇಳಿದ್ದಕ್ಕೆ "ಮನೀ ಖರ್ಚಿಗ್ರಿ" ಎಂದಿದ್ದನಂತೆ. ಜಾಹೀರಾತಿನ ಗಳಿಕೆಗೆ ಇರುವ ಸಂಕೇತ P1007. ಇದು ಸಣ್ಣ ತಪ್ಪಲ್ಲ. ಚಾನೆಲ್ಲಿನ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿ ಜಿಎಸ್‌ಟಿ ನೋಂದಣಿಯಾದ ದಿನ, ಈ ಡಾಲರು ಸೇವೆಯ ರಫ್ತು, ಇದಕ್ಕೆ ತೆರಿಗೆ ಇಲ್ಲ ಎಂದು ತೋರಿಸಲು ಇದೇ ಹಾಳೆ ಬೇಕು. ಆದಾಯ ತೆರಿಗೆಯವರು ಕೇಳಿದಾಗಲೂ ಅಷ್ಟೇ. ಗಳಿಕೆ ಎಂದು ನಾವು ಬರೆದಿರುತ್ತೇವೆ, ಬ್ಯಾಂಕಿನ ಕಾಗದ ಮನೆಯವರು ಕಳಿಸಿದ್ದು ಎನ್ನುತ್ತದೆ. ಬ್ಯಾಂಕಿನ ಆ ಫೋನಿಗೆ, ಮೇಲಿಗೆ ಉತ್ತರ ಕೊಡದೆ ಬಿಟ್ಟರೂ ಕಷ್ಟ, ಹಣ ಅಲ್ಲೇ ನಿಂತು ಕೊನೆಗೆ ವಾಪಸಾಗಬಹುದು. ಹುಡುಗ ಮರುದಿನವೇ ಶಾಖೆಗೆ ಪತ್ರ ಬರೆದುಕೊಟ್ಟ. ಮುಂದಿನ ಎಲ್ಲ ಪಾವತಿಗಳೂ ಯೂಟ್ಯೂಬಿನ ಜಾಹೀರಾತು ಆದಾಯ, P1007 ಹಾಕಿರಿ ಎಂದು ಅದರಲ್ಲಿತ್ತು.

ಈಗ ಅವನ ಬಳಿ ನೂರು ಪುಟದ ಒಂದು ನೋಟುಬುಕ್ಕಿದೆ. ಒಂದೊಂದು ಪಾವತಿಗೆ ಒಂದು ಸಾಲು: ಗಳಿಸಿದ ಡಾಲರ್, ಹಿಡಿದ ತೆರಿಗೆ, ಬಂದ ಡಾಲರ್, ಬ್ಯಾಂಕಿನ ದರ, ಶುಲ್ಕ, ಖಾತೆಗೆ ಉಳಿದ ರೂಪಾಯಿ. ಹಾಳೆಗಳನ್ನು ಅದರೊಳಗೇ ಅಂಟಿಸುತ್ತಾನೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ ಚಾನೆಲ್ ನಡೆಸುವ ಹುಡುಗ ಹುಡುಗಿಯರೇ, ನಿಮಗೆ ಕಳೆದ ಸಲ ಬಂದ ಪಾವತಿಯ ಹಾಳೆ ನಿಮ್ಮ ಹತ್ತಿರ ಇಲ್ಲದಿದ್ದರೆ ಈ ವಾರವೇ ಶಾಖೆಗೆ ಹೋಗಿ ಅರ್ಜಿ ಕೊಡಿ. ಬಂದ ಮೇಲೆ ಮೊದಲು ಸಂಕೇತ ನೋಡಿ, ಆಮೇಲೆ ದರ ನೋಡಿ.